ಬಾವಿ ನೀರು ಏರಿತಾ, ಇಳೀತಾ? ಎರಡು ವರ್ಷದ ಲೆಕ್ಕ ಒಂದೇ ಚಿತ್ರದಲ್ಲಿ

ಓದುಗರ ಪ್ರಶ್ನೆ: ನಾನು ಕೋಲಾರ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಮೇಷ್ಟ್ರು. ನಮ್ಮೂರ ಎಂಟು ತೆರೆದ ಬಾವಿಗಳ ನೀರಿನ ಮಟ್ಟವನ್ನು ಮಕ್ಕಳ ಜೊತೆ 2018ರ ಮೇ ತಿಂಗಳಲ್ಲಿ ಅಳೆದಿದ್ದೆವು, 2023ರ ಮೇನಲ್ಲಿ ಮತ್ತೆ ಅಳೆದೆವು. ನಡುವೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಪೈಪ್‌ನಲ್ಲಿ ಬರುವ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗೆ ಬಂತು. ಎಕ್ಸೆಲ್‌ನಲ್ಲಿ ಜೋಡಿ ಕಂಬಗಳ ಬಾರ್ ಚಾರ್ಟ್ ಮಾಡಿ ಗ್ರಾಮಸಭೆಯಲ್ಲಿ ತೋರಿಸಿದರೆ, ಎಲ್ಲರೂ ತಲೆಕೆಳಗಾಗಿ ಅರ್ಥ ಮಾಡಿಕೊಂಡರು. "ಆಗ ಕಂಬ ಎತ್ತರ ಇದೆ, ಈಗ ಗಿಡ್ಡ ಇದೆ, ನೀರು ಕಮ್ಮಿ ಆಗಿದೆಯಲ್ಲಪ್ಪಾ" ಅಂದರು! ಸ್ನೇಹಿತರೊಬ್ಬರು ಸ್ಲೋಪ್ ಚಾರ್ಟ್ ಮಾಡು ಅಂತಾರೆ, ಇನ್ನೊಬ್ಬರು ಡಂಬೆಲ್ ಚಾರ್ಟ್ ಅಂತಾರೆ. ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಂತೆ. ಶೇಕಡಾ ಲೆಕ್ಕದಲ್ಲಿ ಹಾಕಬೇಕಾ? ಒಂದು ಬಾವಿ 2018ರಲ್ಲಿ ಪೂರ್ತಿ ಬತ್ತಿತ್ತು, ಅದಕ್ಕೆ ಸೊನ್ನೆ ಹಾಕಿದ್ದೇನೆ. ಸರಿನಾ?

ಉತ್ತರ:

ಮೇಷ್ಟ್ರೇ, ಮೊದಲು ಆ ಸೊನ್ನೆಯನ್ನು ಅಳಿಸಿ. ನೀವು ಅಳೆದಿರುವುದು ನೀರು ಎಷ್ಟಿದೆ ಅಂತ ಅಲ್ಲ, ನೆಲದಿಂದ ಎಷ್ಟು ಅಡಿ ಕೆಳಗೆ ನೀರು ಸಿಗುತ್ತದೆ ಅಂತ. ಆ ಲೆಕ್ಕದಲ್ಲಿ ಸೊನ್ನೆ ಅಂದರೆ ಬಾವಿ ಬಾಯಿಯ ತನಕ ತುಂಬಿ ತುಳುಕುತ್ತಿದೆ ಅಂತ ಅರ್ಥ. ಬತ್ತಿದ ಬಾವಿಗೆ ಸೊನ್ನೆ ಹಾಕಿದರೆ ಊರಿನಲ್ಲೇ ಒಳ್ಳೆಯ ಬಾವಿ ಅದೇ ಆಗಿಬಿಡುತ್ತದೆ. ನಿಮ್ಮ ಸಭೆಯಲ್ಲಿ ಆದ ಗೊಂದಲಕ್ಕೂ ಇದೇ ಮೂಲ. ಅಂಕಿ ದೊಡ್ಡದಾದಷ್ಟೂ ನೀರು ದೂರ. ಆದರೆ ಕಂಬ ಉದ್ದ ಇದ್ದರೆ 'ಜಾಸ್ತಿ ಇದೆ' ಅಂತಲೇ ಕಣ್ಣು ಓದುತ್ತದೆ. ತಪ್ಪು ಜನರದ್ದಲ್ಲ, ಕಂಬದ್ದು.

ನೀವು ಕಳಿಸಿದ ಅಂಕಿಗಳು ಇವು. ಊರು ಗೊತ್ತಾಗದಿರಲಿ ಅಂತ ಬಾವಿಗಳ ಹೆಸರು ಬದಲಿಸಿದ್ದೇನೆ, ಅಂಗುಲ ಬಿಟ್ಟು ಅಡಿಗೆ ದುಂಡಾಗಿಸಿದ್ದೇನೆ. ಸಾಲುಗಳನ್ನು ಕೆರೆಗೆ ಹತ್ತಿರದ ಬಾವಿಯಿಂದ ದೂರದ ಬಾವಿಯವರೆಗೆ ಜೋಡಿಸಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

| ಬಾವಿ | ಮೇ 2018 (ಅಡಿ) | ಮೇ 2023 (ಅಡಿ) |
|---|---|---|
| ಕೋಡಿ | 46 | 12 |
| ಹಳ್ಳ | 42 | 15 |
| ಹುಣಸೆಮರ | 44 | 33 |
| ದೇವಸ್ಥಾನ | 51 | 28 |
| ಶಾಲೆ | 48 | 30 |
| ರಸ್ತೆ | ಬತ್ತಿತ್ತು (ತಳ 55) | 38 |
| ತೋಪು | 39 | 34 |
| ಗುಡ್ಡ | 36 | 41 |

ಬೇರೆ ಸಾಫ್ಟ್‌ವೇರ್ ಬೇಕು ಅನ್ನುವುದು ಸುಳ್ಳು. ನಿಮ್ಮ ಎಕ್ಸೆಲ್‌ನಲ್ಲಿರುವ ಸಾದಾ ಲೈನ್ ಚಾರ್ಟ್‌ನಿಂದಲೇ ಎರಡೂ ಆಗುತ್ತವೆ. ಇವು ಮೊನ್ನೆ ಮೊನ್ನೆ ಬಂದ ಫ್ಯಾಷನ್ನೂ ಅಲ್ಲ. ಅಮೆರಿಕದ ಚಾರ್ಟ್ ತಜ್ಞ ಎಡ್ವರ್ಡ್ ಟಫ್ಟಿ 1983ರಲ್ಲೇ ಸ್ಲೋಪ್ ಚಾರ್ಟ್ ತೋರಿಸಿದ್ದರು. ಹದಿನೈದು ದೇಶಗಳ ಸರ್ಕಾರಿ ವರಮಾನ 1970ರಲ್ಲಿ ಎಷ್ಟಿತ್ತು, 1979ರಲ್ಲಿ ಎಷ್ಟಾಯಿತು ಅಂತ. ಎಡಕ್ಕೊಂದು ಅಂಕಿಗಳ ಸಾಲು, ಬಲಕ್ಕೊಂದು ಸಾಲು, ನಡುವೆ ಗೆರೆಗಳು. ಅಷ್ಟೇ.

ಎರಡರಲ್ಲಿ ಯಾವುದು ಅನ್ನುವುದು ನೀವು ಜನಕ್ಕೆ ಏನು ಹೇಳಬೇಕು ಅನ್ನುವುದರ ಮೇಲಿದೆ. 'ಯಾವ ಬಾವಿಯಲ್ಲಿ ಎಷ್ಟು ಅಡಿ ಏರಿತು' ಅನ್ನುವುದು ಮುಖ್ಯವಾದರೆ ಡಂಬೆಲ್. ಅದರಲ್ಲಿ ಪ್ರತಿ ಬಾವಿಗೆ ತನ್ನದೇ ಜಾಗ ಇರುತ್ತದೆ. ಎರಡು ಚುಕ್ಕೆ, ನಡುವೆ ಒಂದು ಕಡ್ಡಿ. ಕಡ್ಡಿಯ ಉದ್ದವೇ ಬದಲಾವಣೆ. 'ಯಾರು ಯಾರನ್ನು ದಾಟಿದರು' ಅನ್ನುವುದು ಮುಖ್ಯವಾದರೆ ಸ್ಲೋಪ್. ಅದರಲ್ಲಿ ಎಲ್ಲ ಬಾವಿಗಳೂ ಒಂದೇ ಜೋಡಿ ಕಂಬದ ನಡುವೆ ಓಡುತ್ತವೆ, ಗೆರೆಗಳು ಒಂದನ್ನೊಂದು ಅಡ್ಡ ಹಾಯುವುದು ಎದ್ದು ಕಾಣುತ್ತದೆ.

ನಿಮ್ಮ ಅಂಕಿಗಳಲ್ಲಿ ಎರಡೂ ಕಥೆ ಇವೆ. ಗುಡ್ಡದ ಬಾವಿ ನೋಡಿ. 2018ರಲ್ಲಿ 36 ಅಡಿಗೇ ನೀರು ಸಿಗುತ್ತಿತ್ತು, ಎಂಟರಲ್ಲಿ ಅದೇ ಮೇಲು. 2023ರಲ್ಲಿ 41 ಅಡಿ, ಎಂಟರಲ್ಲಿ ಅದೇ ಕೊನೆ. ಉಳಿದ ಏಳೂ ಏರಿವೆ, ಇದೊಂದು ಇಳಿದಿದೆ. ಜೋಡಿ ಕಂಬಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಸ್ಲೋಪ್‌ನಲ್ಲಿ ಆ ಒಂದು ಗೆರೆ ಉಳಿದ ಏಳನ್ನೂ ಕತ್ತರಿಸಿಕೊಂಡು ಕೆಳಗಿಳಿಯುತ್ತದೆ.

ಆದರೂ ಗ್ರಾಮಸಭೆಗೆ ನಾನು ಡಂಬೆಲ್ ಅನ್ನೇ ಹೇಳುತ್ತೇನೆ, ಅದೂ ನಿಂತ ಡಂಬೆಲ್. ಸಾಮಾನ್ಯವಾಗಿ ಡಂಬೆಲ್ ಚಾರ್ಟ್ ಅನ್ನು ಅಡ್ಡಡ್ಡ ಮಾಡುತ್ತಾರೆ, ಹೆಸರು ಬರೆಯಲು ಅದೇ ಸುಲಭ. ನಿಮ್ಮ ವಿಷಯ ಬೇರೆ. ನೆಲ ಮೇಲಿರುತ್ತದೆ, ನೀರು ಕೆಳಗಿರುತ್ತದೆ. ಚಿತ್ರವೂ ಹಾಗೇ ಇರಲಿ: ಮೇಲ್ಗಡೆ ನೆಲದ ಗೆರೆ, ಅಲ್ಲಿ ಸೊನ್ನೆ. ಅಲ್ಲಿಂದ ಕೆಳಕ್ಕೆ 10, 20, 30 ಅಡಿ. ಚುಕ್ಕೆ ಮೇಲೆ ಬಂದರೆ ನೀರು ಮೇಲೆ ಬಂದಿದೆ. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಾಡುವ ವಿಧಾನ

ಹಾಳೆಯಲ್ಲಿ ಮೂರು ಕಾಲಂ ಇರಲಿ: ಹೆಸರು, 2018, 2023. `A1` ಚೌಕವನ್ನು ಖಾಲಿ ಬಿಡಿ. ತಲೆಬರಹವನ್ನು ಬರೀ 2018 ಅಂತ ಹಾಕಬೇಡಿ, ಎಕ್ಸೆಲ್ ಅದನ್ನೂ ಒಂದು ಅಂಕಿ ಅಂತ ಚಾರ್ಟ್‌ಗೆ ತುರುಕುವುದುಂಟು. ಇಂಗ್ಲಿಷ್‌ನಲ್ಲಿ ತಿಂಗಳು ಬರೆದರೆ ದಿನಾಂಕ ಮಾಡಿಬಿಡುತ್ತದೆ. ಕನ್ನಡದಲ್ಲಿ 'ಮೇ 2018' ಅಂತ ಬರೆಯಿರಿ, ಅದರ ತಂಟೆಗೆ ಹೋಗುವುದಿಲ್ಲ. ರಸ್ತೆ ಬಾವಿಗೆ 2018ರಲ್ಲಿ ತಳದ ಆಳ 55 ಹಾಕಿ.

ಅಷ್ಟನ್ನೂ ಆಯ್ದು `Insert` ಒಳಗೆ `Line with Markers` ಹಾಕಿ. ಎರಡು ಅಂಕುಡೊಂಕು ಗೆರೆ ಬರುತ್ತವೆ. ಒಂದು ಬಾವಿಯಿಂದ ಇನ್ನೊಂದಕ್ಕೆ ಗೆರೆ ಎಳೆಯುವುದಕ್ಕೆ ಅರ್ಥವೇ ಇಲ್ಲ, ಅದಕ್ಕೇ ಎರಡನ್ನೂ ಒಂದೊಂದಾಗಿ ಆಯ್ದು `No line` ಕೊಡಿ. ಚುಕ್ಕೆಗಳು ಮಾತ್ರ ಉಳಿಯುತ್ತವೆ. ಈಗ `Chart Design` → `Add Chart Element` → `Lines` → `High-Low Lines`. ಪ್ರತಿ ಬಾವಿಯ ಎರಡು ಚುಕ್ಕೆಗಳ ನಡುವೆ ಕಡ್ಡಿ ಬಂದುಬಿಡುತ್ತದೆ. ಡಂಬೆಲ್ ಆಯಿತು.

ಕೊನೆಗೆ ಎಡಗಡೆಯ ಅಂಕಿಗಳ ಮೇಲೆ ಬಲ ಕ್ಲಿಕ್ ಮಾಡಿ `Format Axis` ತೆರೆದು `Values in reverse order` ಗುರುತು ಹಾಕಿ. ಸೊನ್ನೆ ಮೇಲಕ್ಕೆ ಹೋಗುತ್ತದೆ. ಬಾವಿಗಳ ಹೆಸರೂ ತಾನಾಗೇ ಮೇಲಕ್ಕೆ, ನೆಲದ ಗೆರೆಯ ಹತ್ತಿರಕ್ಕೆ ಬರುತ್ತವೆ. ಬೇರೆ ಚಾರ್ಟ್‌ಗಳಲ್ಲಿ ಇದು ತಲೆನೋವು, ನಿಮಗೆ ಬೇಕಾದ್ದೇ ಅದು.

ಕಡ್ಡಿಗೆ ಒಂದು ಕೊರತೆ ಇದೆ. ಕೆಳಗಿಂದ ಮೇಲೆ ಹೋಯಿತೋ, ಮೇಲಿಂದ ಕೆಳಗೆ ಬಂತೋ ಅಂತ ಅದು ಹೇಳುವುದಿಲ್ಲ. ಗುಡ್ಡದ ಬಾವಿಯ ಕಡ್ಡಿ 5 ಅಡಿ, ತೋಪಿನ ಬಾವಿಯದ್ದೂ 5 ಅಡಿ. ನೋಡಲು ಎರಡೂ ಒಂದೇ. ಒಂದು ಏರಿಕೆ, ಇನ್ನೊಂದು ಇಳಿತ. ಅದಕ್ಕೇ ಚುಕ್ಕೆಗಳು ಬೇರೆ ಬೇರೆ ಕಾಣಲೇಬೇಕು. ಹಳೆಯದಕ್ಕೆ ಒಳಗೆ ಖಾಲಿ ಇರುವ ಉಂಗುರ, ಹೊಸದಕ್ಕೆ ತುಂಬಿದ ಕಪ್ಪು ಚುಕ್ಕೆ ಇಡಿ. ಕೆಂಪು ಹಸಿರು ನೆಚ್ಚಿಕೊಳ್ಳಬೇಡಿ. ಪಂಚಾಯಿತಿ ನೋಟೀಸ್ ಬೋರ್ಡ್‌ಗೆ ಹೋಗುವುದು ಜೆರಾಕ್ಸ್ ಪ್ರತಿ, ಅದರಲ್ಲಿ ಎರಡೂ ಒಂದೇ ಬೂದು. ಬಣ್ಣದ ಪ್ರತಿಯಲ್ಲೂ ಆ ಎರಡನ್ನು ಬೇರೆ ಮಾಡಿ ಗುರುತಿಸಲಾಗದ ಒಬ್ಬಿಬ್ಬರು ಸಭೆಯಲ್ಲಿ ಇದ್ದೇ ಇರುತ್ತಾರೆ.

ಇಳಿದ ಬಾವಿಯ ಕಡ್ಡಿಯೇ ಬೇರೆ ಕಾಣಬೇಕು ಅಂದರೆ `High-Low Lines` ಬದಲು ಅದೇ ಪಟ್ಟಿಯಲ್ಲಿರುವ `Up/Down Bars` ಹಾಕಿ, `Gap Width` ಅನ್ನು 500ಕ್ಕೆ ಏರಿಸಿ. ಪಟ್ಟಿ ಸಣ್ಣಗಾಗಿ ಕಡ್ಡಿಯ ಹಾಗೇ ಕಾಣುತ್ತದೆ. ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಬಣ್ಣ ಕೊಡಬಹುದು. ಒಂದೇ ಎಚ್ಚರ: ಎಕ್ಸೆಲ್‌ಗೆ `Up` ಅಂದರೆ ಅಂಕಿ ಜಾಸ್ತಿ ಆಗಿದೆ ಅಂತ. ನಿಮ್ಮ ಲೆಕ್ಕದಲ್ಲಿ ಅಂಕಿ ಜಾಸ್ತಿ ಆದರೆ ನೀರು ಇಳಿದಿದೆ. ಬಣ್ಣ ಹಾಕಿದ ಮೇಲೆ ಗುಡ್ಡದ ಬಾವಿಯನ್ನು ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಬತ್ತಿದ ರಸ್ತೆ ಬಾವಿಗೆ 55 ಹಾಕಿದೆವಲ್ವಾ, ಅದೂ ಪೂರ್ತಿ ನಿಜ ಅಲ್ಲ. ನೀರು 55 ಅಡಿಯಲ್ಲಿ ಇತ್ತು ಅಂತ ನಮಗೆ ಗೊತ್ತಿಲ್ಲ, 55ಕ್ಕಿಂತ ಕೆಳಗಿತ್ತು ಅಂತ ಮಾತ್ರ ಗೊತ್ತು. ಆ ಒಂದು ಚುಕ್ಕೆಯನ್ನು ಒಮ್ಮೆ ಕ್ಲಿಕ್ ಮಾಡಿ, ಸ್ವಲ್ಪ ತಡೆದು ಇನ್ನೊಮ್ಮೆ ಕ್ಲಿಕ್ ಮಾಡಿ ಅದನ್ನಷ್ಟೇ ಆಯ್ದು, ಉಂಗುರದ ಬದಲು ಗುಣಿಸು ಗುರುತು ಇಡಿ. ಪಕ್ಕದಲ್ಲಿ 'ಬತ್ತಿತ್ತು' ಅಂತ ಬರೆಯಿರಿ. ಅದರ ಏರಿಕೆಯನ್ನು ಹೇಳುವಾಗ '17 ಅಡಿ' ಅನ್ನಬೇಡಿ, 'ಕಡಿಮೆ ಅಂದರೂ 17 ಅಡಿ' ಅನ್ನಿ.

ಈಗ ಸಾಲಿನ ವಿಚಾರ. ತುಂಬಾ ಜನ ಡಂಬೆಲ್‌ಗಳನ್ನು ಬದಲಾವಣೆಯ ಗಾತ್ರದ ಪ್ರಕಾರ ಜೋಡಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಅಂಗಡಿ ಮಾರಾಟಕ್ಕೋ ಪರೀಕ್ಷೆ ಅಂಕಕ್ಕೋ ಅದೇ ಸರಿ. ನಿಮಗೆ ಬೇಕಾದ್ದು ಕೆರೆಗೂ ಬಾವಿಗೂ ಇರುವ ನಂಟು. ಹಾಗಾಗಿ ಕೆರೆಯಿಂದ ದೂರದ ಪ್ರಕಾರವೇ ಜೋಡಿಸಿ. ಆಗ ಎಡಗಡೆ ಕೋಡಿ, ಹಳ್ಳದ ಬಾವಿಗಳ ಕಡ್ಡಿ ಉದ್ದುದ್ದ, ಬಲಕ್ಕೆ ಹೋಗುತ್ತಾ ಗಿಡ್ಡ. ಜನ ತಾವೇ ಮಾತಾಡಲು ಶುರು ಮಾಡುತ್ತಾರೆ. ಜೊತೆಗೆ ಒಂದು ಅಪಸ್ವರವೂ ಕಾಣುತ್ತದೆ. ಹುಣಸೆಮರದ ಬಾವಿ ಕೆರೆಗೆ ಹತ್ತಿರ ಇದ್ದರೂ ಏರಿದ್ದು 11 ಅಡಿ ಮಾತ್ರ, ಅದಕ್ಕಿಂತ ದೂರದ ದೇವಸ್ಥಾನದ ಬಾವಿ 23 ಅಡಿ ಏರಿದೆ. ಪಕ್ಕದಲ್ಲಿ ಯಾರದ್ದಾದರೂ ಬೋರ್‌ವೆಲ್ ಮೋಟರ್ ದಿನವಿಡೀ ಓಡುತ್ತಿದೆಯಾ? ಕೆರೆಗೂ ಬಾವಿಗೂ ನಡುವೆ ಬಂಡೆ ಇದೆಯಾ? ಬದಲಾವಣೆಯ ಪ್ರಕಾರ ಜೋಡಿಸಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಸ್ಲೋಪ್ ಬೇಕೇ ಬೇಕು ಅಂದರೆ

ಅದೇ ಹಾಳೆ, ಅದೇ `Line with Markers`. `Switch Row/Column` ಒತ್ತಿ. ಈಗ ಕೆಳಗೆ ಎರಡೇ ಜಾಗ, ಮೇ 2018 ಮತ್ತು ಮೇ 2023. ನಡುವೆ ಎಂಟು ಗೆರೆ. ಅಕ್ಷವನ್ನು ಇಲ್ಲೂ ತಿರುಗಿಸಿ. ಏಳು ಗೆರೆಗೆ ಒಂದೇ ಬೂದು ಬಣ್ಣ, ಗುಡ್ಡದ ಬಾವಿಗೆ ಮಾತ್ರ ದಪ್ಪ ಕಪ್ಪು. ಎಂಟು ಬಣ್ಣ ಕೊಟ್ಟು ಪಕ್ಕದಲ್ಲಿ ಬಣ್ಣದ ಪಟ್ಟಿ ಇಟ್ಟರೆ, ಓದುವವರ ಕಣ್ಣು ಅತ್ತ ಇತ್ತ ಓಡಾಡಿಯೇ ಸುಸ್ತಾಗುತ್ತದೆ. ಪಟ್ಟಿ ಅಳಿಸಿ, ಗೆರೆಯ ತುದಿಯಲ್ಲೇ ಹೆಸರು ಬರೆಯಿರಿ. ಎಡ ತುದಿಯಲ್ಲಿ ಅಂಕಿ ಮಾತ್ರ, ಬಲ ತುದಿಯಲ್ಲಿ ಹೆಸರು ಮತ್ತು ಅಂಕಿ. `Data Labels` ಹಾಕಿ, ಒಂದೊಂದು ತುದಿಯನ್ನೂ ಬೇರೆ ಬೇರೆ ಆಯ್ದು `Left`, `Right` ಕೊಡಬೇಕು. ಸ್ವಲ್ಪ ಬೇಸರದ ಕೆಲಸ.

ಸ್ಲೋಪ್ ಕೈಕೊಡುವುದು ಈ ಹೆಸರುಗಳ ಜಾಗದಲ್ಲೇ. ಲೆಕ್ಕ ಹಾಕಿ ನೋಡೋಣ. ಚಾರ್ಟ್‌ನ ಎತ್ತರ 12 ಸೆಂಟಿಮೀಟರ್, ಅಕ್ಷ ಸೊನ್ನೆಯಿಂದ 60 ಅಡಿ ಅಂದುಕೊಳ್ಳಿ. ಒಂದು ಅಡಿಗೆ 2 ಮಿಲಿಮೀಟರ್ ಸಿಕ್ಕಿತು. ಕನ್ನಡಕ್ಕೆ ಒತ್ತಕ್ಷರ ಕೆಳಗೆ, ಗುಡಿಸು ಮೇಲೆ. 'ಗುಡ್ಡ', 'ರಸ್ತೆ' ಅಂತ ಓದುವ ಗಾತ್ರದಲ್ಲಿ ಬರೆಯಲು ಒಂದು ಸಾಲಿಗೆ ಹೆಚ್ಚುಕಮ್ಮಿ 5 ಮಿಲಿಮೀಟರ್ ಬೇಕು. ಅಂದರೆ ಎರಡು ಬಾವಿಗಳ ನಡುವೆ ಎರಡೂವರೆ ಅಡಿ ಅಂತರ ಇಲ್ಲದಿದ್ದರೆ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ನಿಮ್ಮ 2023ರ ಬದಿಯಲ್ಲಿ ದೇವಸ್ಥಾನ 28, ಶಾಲೆ 30. ಹುಣಸೆಮರ 33, ತೋಪು 34. ಎರಡು ಜೋಡಿಯೂ ಡಿಕ್ಕಿ.

ಇದಕ್ಕೆ ಒಂದು ದಾರಿ ಅಕ್ಷವನ್ನು 10ರಿಂದ 57ಕ್ಕೆ ಕತ್ತರಿಸುವುದು. ಆಗ ಅಡಿಗೆ ಎರಡೂವರೆ ಮಿಲಿಮೀಟರ್ ಸಿಗುತ್ತದೆ, ದೇವಸ್ಥಾನ ಮತ್ತು ಶಾಲೆ ಬಿಡಿಯಾಗುತ್ತವೆ. ಹುಣಸೆಮರ ಮತ್ತು ತೋಪನ್ನು ಕೈಯಿಂದ ಸ್ವಲ್ಪ ಮೇಲೆ ಕೆಳಗೆ ಸರಿಸಬೇಕು. "ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕಲ್ವಾ" ಅಂತ ಯಾರಾದರೂ ಕೇಳುತ್ತಾರೆ. ಆ ನಿಯಮ ಕಂಬಗಳಿಗೆ. ಕಂಬದಲ್ಲಿ ಉದ್ದವೇ ಬೆಲೆ, ಬುಡ ಕತ್ತರಿಸಿದರೆ ಸುಳ್ಳು ಹೇಳಿದ ಹಾಗೆ. ಚುಕ್ಕೆ ಮತ್ತು ಗೆರೆಯಲ್ಲಿ ನಾವು ನೋಡುವುದು ಅದು ಎಲ್ಲಿದೆ ಅಂತ, ಅದಕ್ಕೆ ಆ ಕಟ್ಟುಪಾಡಿಲ್ಲ. ಆದರೆ ನಿಮಗೆ ನಷ್ಟ ಒಂದಿದೆ: ನೆಲದ ಗೆರೆ ಚಿತ್ರದಿಂದ ಹೊರಗೆ ಹೋಗುತ್ತದೆ. ಸಭೆಗೆ ಡಂಬೆಲ್ ಅಂತ ಹೇಳಿದ್ದು ಇದಕ್ಕೂ ಸೇರಿಯೇ.

ಇನ್ನೊಂದು ಅಪಾಯ, ಗೆರೆಯ ಕಡಿದು. ಚಾರ್ಟ್ ಅನ್ನು ಎತ್ತರಕ್ಕೆ ಎಳೆದು ಅಗಲ ಕುಗ್ಗಿಸಿದರೆ ಸಣ್ಣ ಏರಿಕೆಯೂ ಗೋಡೆ ಹತ್ತಿದ ಹಾಗೆ ಕಾಣುತ್ತದೆ. ಅಗಲ ಹಿಗ್ಗಿಸಿದರೆ ಎಲ್ಲ ಮಲಗಿಬಿಡುತ್ತವೆ. ಒಂದೇ ಚಿತ್ರದ ಗೆರೆಗಳನ್ನು ಒಂದಕ್ಕೊಂದು ಹೋಲಿಸಬಹುದು. ಪಕ್ಕದ ಊರಿನ ಚಿತ್ರದ ಜೊತೆ ಹೋಲಿಸಬೇಕಾದರೆ ಎರಡರ ಅಕ್ಷವೂ ಗಾತ್ರವೂ ಒಂದೇ ಇರಬೇಕು.

ಶೇಕಡಾ ಬೇಡ

ಕೋಡಿ ಬಾವಿ 46ರಿಂದ 12ಕ್ಕೆ ಬಂತು, ಶೇಕಡಾ 74 ಅಂತ ಲೆಕ್ಕ ಬರುತ್ತದೆ. ಆದರೆ ಯಾವುದರ ಶೇಕಡಾ? ನೀರಿನದ್ದಲ್ಲ. ನೆಲದಿಂದ ನೀರಿಗೆ ಇರುವ ಖಾಲಿ ಜಾಗದ್ದು. ಅದೇ ಬಾವಿಯನ್ನು ನೆಲದ ಬದಲು ಮೂರಡಿ ಎತ್ತರದ ಕಟ್ಟೆಯ ಮೇಲಿಂದ ಅಳೆದಿದ್ದರೆ 49ರಿಂದ 15ಕ್ಕೆ ಆಗುತ್ತಿತ್ತು. ಶೇಕಡಾ 69. ನೀರು ಏರಿದ್ದು ಎರಡರಲ್ಲೂ 34 ಅಡಿಯೇ. ನಿಂತು ಅಳೆಯುವ ಜಾಗ ಬದಲಾದರೆ ಬದಲಾಗುವ ಶೇಕಡಾ ಯಾರಿಗೂ ಬೇಡ. ಅಡಿಯಲ್ಲೇ ಹೇಳಿ. ಹಾಳೆಯಲ್ಲಿ ನಾಲ್ಕನೇ ಕಾಲಂಗೆ `=B2-C2` ಹಾಕಿದರೆ ಎಷ್ಟು ಏರಿತು ಅಂತ ಬರುತ್ತದೆ. ಇಳಿದದ್ದಕ್ಕೆ ಮೈನಸ್ ಬರುತ್ತದೆ. ಅದನ್ನು ಚಾರ್ಟ್‌ಗೆ ಸೇರಿಸಬೇಡಿ, ಲೆಕ್ಕ ತಾಳೆ ನೋಡಲು ಮಾತ್ರ ಇಟ್ಟುಕೊಳ್ಳಿ.

ಕಟ್ಟೆಯ ಮಾತು ಬಂದಿದ್ದಕ್ಕೆ ಕೇಳುತ್ತೇನೆ: ಎರಡು ಸಲವೂ ಒಂದೇ ಜಾಗದಿಂದ ಹಗ್ಗ ಬಿಟ್ಟಿದ್ದೀರಾ? 2018ರಲ್ಲಿ ಕಟ್ಟೆಯ ಮೇಲಿಂದ, 2023ರಲ್ಲಿ ನೆಲದ ಮಟ್ಟದಿಂದ ಅಳೆದಿದ್ದರೆ ಮೂರಡಿ ಸುಮ್ನೆ ಏರಿದ ಹಾಗೆ ಕಾಣುತ್ತದೆ. ಕೋಡಿ ಬಾವಿಯ 34 ಅಡಿಯಲ್ಲಿ ಮೂರಡಿ ಹೋದರೂ ಕಥೆ ಬದಲಾಗುವುದಿಲ್ಲ. ತೋಪಿನ ಬಾವಿಯ 5 ಅಡಿಯಲ್ಲಿ ಮೂರು ಹೋದರೆ ಉಳಿಯುವುದು ಎರಡು. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಯುವಾಗ ಒಂದಡಿ ಹೆಚ್ಚುಕಮ್ಮಿ ಆಗುವುದು ಮಾಮೂಲಿ. ಅಳೆದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಮೋಟರ್ ಹಾಕುವ ಮುಂಚೆ ಇರುವ ಮಟ್ಟ ಬೇರೆ, ಎರಡು ಗಂಟೆ ನೀರೆತ್ತಿದ ಮೇಲೆ ಇರುವ ಮಟ್ಟ ಬೇರೆ. ತೋಪು, ಗುಡ್ಡ ಎರಡನ್ನೂ ಈ ಕಣ್ಣಿನಲ್ಲಿ ಇನ್ನೊಮ್ಮೆ ಪರಿಶೀಲಿಸಿ, ಆಮೇಲೆ ಗುಡ್ಡದ ಬಾವಿಗೆ ದಪ್ಪ ಗೆರೆ ಹಾಕಿ.

ಎರಡು ತುದಿಯೂ ಒಂದೇ ವಸ್ತುವಿನದ್ದಾ ಅನ್ನುವ ಈ ಪ್ರಶ್ನೆ ಬಾವಿಗೆ ಮಾತ್ರ ಅಲ್ಲ. ಜಿಲ್ಲೆಗಳ ಜನಗಣತಿ ತೆಗೆದುಕೊಂಡು 2001ರಿಂದ 2011ಕ್ಕೆ ಸ್ಲೋಪ್ ಎಳೆಯುವವರು 'ಕೋಲಾರ' ಅಂತ ಎರಡೂ ಕಡೆ ಕಂಡರೆ ಗೆರೆ ಎಳೆದುಬಿಡುತ್ತಾರೆ. 2001ರ ಪುಸ್ತಕದ ಕೋಲಾರದಲ್ಲಿ ಚಿಕ್ಕಬಳ್ಳಾಪುರವೂ ಸೇರಿತ್ತು. ಅದು ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಳೆಯ ತಾಲೂಕುಗಳನ್ನು ಬಿಡಿಸಿ ಮತ್ತೆ ಕೂಡಿಸದೆ ಆ ಗೆರೆ ಎಳೆಯುವ ಹಾಗಿಲ್ಲ.

ಕೆರೆ ನೀರಿನಿಂದಲೇ ಏರಿತಾ?

ಇದಕ್ಕೆ ಯಾವ ಚಾರ್ಟ್ ಹಾಕಿದರೂ ಉತ್ತರ ಸಿಗುವುದಿಲ್ಲ. ನೀವು ಹಿಡಿದ ಮೊದಲ ತುದಿ ಚೆನ್ನಾಗಿದೆ. ಕೆ.ಸಿ. ವ್ಯಾಲಿ ನೀರು ಕೋಲಾರದ ಕಡೆ ಮೊದಲು ಬಂದದ್ದು 2018ರ ಜೂನ್‌ನಲ್ಲಿ, ಲಕ್ಷ್ಮೀಸಾಗರ ಕೆರೆಗೆ. ನಿಮ್ಮ ಮೇ ಅಳತೆ ಅದಕ್ಕೂ ಮುಂಚಿನದ್ದು. ಎರಡೂ ಸಲ ಮೇ ತಿಂಗಳೇ ಆಯ್ದದ್ದೂ ಸರಿ. ಒಂದು ಮೇ, ಇನ್ನೊಂದು ನವೆಂಬರ್ ಆಗಿದ್ದರೆ ಮಳೆಗಾಲದ ಏರಿಕೆಯನ್ನೇ ಐದು ವರ್ಷದ ಏರಿಕೆ ಅಂತ ತೋರಿಸಿದ ಹಾಗಾಗುತ್ತಿತ್ತು.

ತೊಂದರೆ ಇರುವುದು ಎರಡನೇ ತುದಿಯಲ್ಲಿ. 2021ರ ನವೆಂಬರ್‌ನಲ್ಲಿ ನಮ್ಮ ಕಡೆ ಎಂಥ ಮಳೆ ಬಂತು ಅಂತ ನಿಮಗೆ ನೆನಪಿದೆ. 2022ರಲ್ಲೂ ಭರ್ತಿ ಮಳೆ. ಅದರ ಮುಂದಿನ ಮೇನಲ್ಲಿ ನೀವು ಅಳೆದಿರಿ. 2023ರ ಮಳೆಗಾಲ ಕೈಕೊಟ್ಟು ಬರ ಬಂತು. 2024ರ ಮೇನಲ್ಲಿ ಅಳೆದಿದ್ದರೆ ಇದೇ ಎಂಟು ಕಡ್ಡಿಗಳು ಬೇರೆ ಥರ ಕಾಣಬಹುದಿತ್ತು. ಎರಡೇ ಬಿಂದು ಇಟ್ಟುಕೊಂಡ ಚಿತ್ರದ ಮಿತಿ ಇದು. ನಡುವಿನ ವರ್ಷಗಳಲ್ಲಿ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ. ಸ್ಲೋಪ್‌ನಲ್ಲಂತೂ ಗೆರೆ ನೇರವಾಗಿರುವುದರಿಂದ ನೀರು ವರ್ಷವರ್ಷ ಒಂದೇ ಸಮ ಏರಿತು ಅನ್ನುವ ಭ್ರಮೆಯೂ ಬರುತ್ತದೆ.

ಕೆರೆಯ ಪಾಲು ಎಷ್ಟು, ಮಳೆಯ ಪಾಲು ಎಷ್ಟು ಅಂತ ಅಂದಾಜಿಗಾದರೂ ತಿಳಿಯಬೇಕಾದರೆ, ಅದೇ ಮಳೆ ಬಿದ್ದು ಕೆರೆಗೆ ಪೈಪ್ ನೀರು ಬರದ ಪಕ್ಕದ ಊರಿನ ಎರಡು ಮೂರು ಬಾವಿಗಳ ಲೆಕ್ಕ ಬೇಕು. ಅಲ್ಲಿನ ಮೇಷ್ಟ್ರುಗಳ ಹತ್ತಿರ 2018ರ ಅಳತೆ ಇದ್ದರೆ ಕೇಳಿ ತನ್ನಿ. ಇದೇ ಚಿತ್ರದಲ್ಲಿ ನಿಮ್ಮ ಎಂಟರ ಪಕ್ಕಕ್ಕೆ, ನಡುವೆ ಸ್ವಲ್ಪ ಜಾಗ ಬಿಟ್ಟು ಅವನ್ನೂ ನಿಲ್ಲಿಸಿ. ಅಲ್ಲೂ ಕಡ್ಡಿ ಇಪ್ಪತ್ತು ಅಡಿ ಇದ್ದರೆ ಶ್ರೇಯಸ್ಸಿನಲ್ಲಿ ಮಳೆಗೂ ದೊಡ್ಡ ಪಾಲಿದೆ. ಅಲ್ಲಿ ನಾಲ್ಕೈದು ಅಡಿ, ನಿಮ್ಮಲ್ಲಿ ಮೂವತ್ತು ಅಂದರೆ ಕೆರೆಯ ಪರವಾಗಿ ಮಾತಾಡಲು ನಿಮಗೊಂದು ಆಧಾರ ಸಿಕ್ಕಿತು. ಅಲ್ಲಿಯವರೆಗೆ ಚಿತ್ರದ ಮೇಲೆ 'ಕೆರೆ ನೀರಿನಿಂದ ಏರಿದ ಬಾವಿಗಳು' ಅಂತ ಬರೆಯಬೇಡಿ. 'ಎಂಟು ಬಾವಿಗಳಲ್ಲಿ ಏಳು ಏರಿವೆ, ಗುಡ್ಡದ ಬಾವಿ ಇಳಿದಿದೆ: ಮೇ 2018, ಮೇ 2023' ಅಂತ ಬರೆದರೆ ಸಾಕು. ಕೆಳಗೆ ಸಣ್ಣದಾಗಿ 'ನೆಲಮಟ್ಟದಿಂದ ನೀರಿಗೆ, ಅಡಿಗಳಲ್ಲಿ. ಬಾವಿಗಳು ಕೆರೆಯಿಂದ ದೂರದ ಕ್ರಮದಲ್ಲಿ' ಅಂತಲೂ ಸೇರಿಸಿ. ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಎ4 ಆದರೆ ಸಭೆಯ ಹಿಂದಿನ ಸಾಲಿಗೆ ಉಂಗುರ ಯಾವುದು, ಚುಕ್ಕೆ ಯಾವುದು ಅಂತ ಕಾಣುವುದಿಲ್ಲ.